ಒಂದೇ ಖಾರಪುಡಿ ಪಾಕೀಟು, ಮಳೆಗೂ ದಸರೆಗೂ: ಒಪ್ಪಿಗೆಯಾದ ಉತ್ಪನ್ನದ ಫೋಟೋಗೆ ಋತುಮಾನದ ರೂಪ ಕೊಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯ ನಮ್ಮ ಸ್ಟುಡಿಯೋಕ್ಕೆ ಬ್ಯಾಡಗಿ, ಹಾವೇರಿ, ಗದಗ, ಧಾರವಾಡ ಕಡೆಯ ಸಣ್ಣ ಉತ್ಪಾದಕರು ಬರುತ್ತಾರೆ. ಹೆಚ್ಚಿನವರ ಹತ್ತಿರ ಮಾಲೀಕರೋ ವಿತರಕರೋ ಒಪ್ಪಿದ ಒಂದು ಒಳ್ಳೆಯ ಫೋಟೋ ಇದ್ದೇ ಇರುತ್ತದೆ. ಅದನ್ನೇ ಇಟ್ಟುಕೊಂಡು ಮಳೆಗಾಲಕ್ಕೊಂದು, ಪಂಚಮಿಗೊಂದು, ದಸರೆಗೊಂದು ಚಿತ್ರ ಬೇಕು ಎನ್ನುತ್ತಾರೆ. ಅವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ಉದಾಹರಣೆ ಮೊದಲಿಂದ ಕೊನೆಯವರೆಗೆ ಒಂದೇ: ಬ್ಯಾಡಗಿ ಮೆಣಸಿನಕಾಯಿಯ ಖಾರಪುಡಿ, ಅರ್ಧ ಕಿಲೋ, ನಿಲ್ಲುವ ಪೌಚ್, ನಡುವೆ ಪುಡಿ ಕಾಣುವ ಪಾರದರ್ಶಕ ಕಿಟಕಿ.

ಉತ್ಪನ್ನ ಬದಲಾಗಬಾರದು ಅಂದರೆ ಏನೇನು ಬದಲಾಗಬಾರದು?

ಲೇಬಲ್‌ನ ಅಕ್ಷರ, ತೂಕದ ಸಂಖ್ಯೆ, ಸಸ್ಯಾಹಾರದ ಹಸಿರು ಚುಕ್ಕೆ, ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಸಂಖ್ಯೆ ಇವು ಬದಲಾಗಬಾರದು ಎಂಬುದು ಯಾರಿಗೂ ಗೊತ್ತು. ಪೌಚಿನ ಆಕಾರ, ಅಗಲ ಎತ್ತರದ ಅನುಪಾತ, ಕಿಟಕಿಯಲ್ಲಿ ಪುಡಿ ಎಲ್ಲಿಯವರೆಗೆ ತುಂಬಿದೆ ಎಂಬ ಗೆರೆ ಇವೂ ಹಾಗೆಯೇ ಉಳಿಯಬೇಕು. ಆದರೆ ಎಲ್ಲಕ್ಕಿಂತ ಮೊದಲು ಹಾಳಾಗುವುದು ಬಣ್ಣ.

ಬ್ಯಾಡಗಿ ಮೆಣಸಿನಕಾಯಿಯನ್ನು ಜನ ಕೊಳ್ಳುವುದೇ ಬಣ್ಣಕ್ಕಾಗಿ. ಖಾರ ಕಡಿಮೆ, ಕೆಂಪು ಗಾಢ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತು ಸಿಕ್ಕಿದ್ದರಲ್ಲೂ ಈ ಗುಣಕ್ಕೆ ಪಾಲಿದೆ. ಹಾಗಿರುವಾಗ ಮಳೆಯ ಚಿತ್ರಕ್ಕೆ ಹೊಂದಲಿ ಎಂದು ಇಡೀ ಫೋಟೋಗೆ ನೀಲಿ ಛಾಯೆ ಹಾಕಿದರೆ ಪುಡಿ ಕಂದು ಕಾಣುತ್ತದೆ, ಹಳೆಯ ಮಾಲಿನಂತೆ. ದೀಪದ ಬೆಳಕಿಗೆ ಹೊಂದಲಿ ಎಂದು ಕಿತ್ತಳೆ ಛಾಯೆ ಹಾಕಿದರೆ ಬೇರೆ ತಳಿಯ ಪುಡಿಯಂತೆ ಕಾಣುತ್ತದೆ. ಹಾವೇರಿ ಕಡೆಯ ವ್ಯಾಪಾರಿಗೆ ಇದು ದೂರದಿಂದಲೇ ಗೊತ್ತಾಗುತ್ತದೆ. ಡಬ್ಬ ತೆಗೆದು ನೋಡಿದ ಗ್ರಾಹಕನಿಗೂ ಗೊತ್ತಾಗುತ್ತದೆ, ಅವನು ಮಾಲು ವಾಪಸ್ ಕಳಿಸುತ್ತಾನೆ.

ಆದ್ದರಿಂದ ನಮ್ಮ ಕೆಲಸದ ಮೂಲ ನಿಯಮ ಒಂದೇ. ದೃಶ್ಯಕ್ಕೆ ತಕ್ಕಂತೆ ಪೌಚಿನ ಬೆಳಕನ್ನು ಬದಲಿಸುವುದಿಲ್ಲ. ಪೌಚಿನ ಮೇಲೆ ಈಗಾಗಲೇ ಬಿದ್ದಿರುವ ಬೆಳಕಿಗೆ ತಕ್ಕಂತೆ ದೃಶ್ಯವನ್ನು ಆರಿಸುತ್ತೇವೆ. ಕೆಳಗಿನ ಉತ್ತರಗಳೆಲ್ಲ ಇದರ ವಿವರಗಳೇ.

ಹಬ್ಬಕ್ಕೊಮ್ಮೆ ಹೊಸದಾಗಿ ಫೋಟೋ ತೆಗೆದರೆ ಆಗದೇ?

ಆಗುತ್ತದೆ, ಆದರೆ ಅದು ಹೊಸ ಚಿತ್ರ. ಪುಡಿಯ ಬಣ್ಣ ಒಂದು ಬ್ಯಾಚಿನಿಂದ ಇನ್ನೊಂದಕ್ಕೆ ತುಸು ಬೇರೆ, ಪೌಚಿನ ಸುಕ್ಕು ಬೇರೆ, ಹೊಳಪು ಬೀಳುವ ಜಾಗ ಬೇರೆ. ಮತ್ತೆ ಎಲ್ಲರ ಒಪ್ಪಿಗೆ ಪಡೆಯಬೇಕು. ಒಪ್ಪಿದ ಚಿತ್ರವನ್ನೇ ಬಳಸುವ ಉದ್ದೇಶವೇ ಆ ಸುತ್ತಾಟ ತಪ್ಪಿಸುವುದು.

ನಾವು ನಿಮಗೆ ಯಾವ ಫೈಲ್ ಕೊಡಬೇಕು?

ಮೂಲ ಫೈಲ್. ಟಿಫ್ ಅಥವಾ ಪಿಎಸ್‌ಡಿ, ಸಾಧ್ಯವಾದರೆ 16-ಬಿಟ್, ಬಣ್ಣದ ಪ್ರೊಫೈಲ್ ಒಳಗೇ ಸೇರಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫೋಟೋ ಎಂದು ಕಳಿಸಿದರೆ ಅದು ಅಳತೆಯಲ್ಲಿ ಕುಗ್ಗಿ, ವಿವರ ಕಳೆದುಕೊಂಡು ಬರುತ್ತದೆ. ಅದನ್ನೇ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಕಳಿಸಿ.

ಒಪ್ಪಿಗೆಯಾದದ್ದು ಇದೇ ಫೈಲ್ ಎಂಬುದಕ್ಕೆ ಗುರುತೂ ಬೇಕು. `final_final2.tif` ಎಂಬಂಥ ಹೆಸರಿನ ಮೇಲೆ ಭರವಸೆ ಇಡಬೇಡಿ. ವಿಂಡೋಸ್ ಕಂಪ್ಯೂಟರಿನಲ್ಲಿ ಈ ಆಜ್ಞೆ ಕೊಟ್ಟರೆ ಫೈಲಿನ ಬೆರಳಚ್ಚಿನಂಥ ಒಂದು ಉದ್ದನೆಯ ಸಂಖ್ಯೆ ಬರುತ್ತದೆ:

```
certutil -hashfile master.tif SHA256
```

ಒಪ್ಪಿಗೆಯ ಮೇಲ್‌ನಲ್ಲಿ ಆ ಸಂಖ್ಯೆಯನ್ನೂ ಬರೆದಿಡಿ. ಫೈಲಿನಲ್ಲಿ ಒಂದು ಪಿಕ್ಸೆಲ್ ಬದಲಾದರೂ ಸಂಖ್ಯೆ ಪೂರ್ತಿ ಬೇರೆಯಾಗುತ್ತದೆ. ಆರು ತಿಂಗಳ ನಂತರ ಯಾವುದು ಅಸಲು ಎಂಬ ವಾದ ಬಂದರೆ ಇದೇ ಸಾಕ್ಷಿ.

ಕೆಲಸ ನಿಜವಾಗಿ ಹೇಗೆ ನಡೆಯುತ್ತದೆ? ಮಳೆಗಾಲದ ಚಿತ್ರವನ್ನೇ ತೆಗೆದುಕೊಂಡು ಹೇಳಿ.

ಮೂಲ ಚಿತ್ರ 4000 × 5000 ಪಿಕ್ಸೆಲ್ ಎಂದುಕೊಳ್ಳಿ. ಬಿಳಿ ಹಿನ್ನೆಲೆ, ಬೆಳಕು ಎಡಗಡೆ ಮೇಲಿನಿಂದ, ಮೆತ್ತನೆಯ ನೆರಳು ಬಲಕ್ಕೆ. ಪೌಚು 26 ಸೆಂಟಿಮೀಟರ್ ಎತ್ತರ. ಚಿತ್ರದಲ್ಲಿ 2600 ಪಿಕ್ಸೆಲ್. ಅಂದರೆ ಒಂದು ಸೆಂಟಿಮೀಟರಿಗೆ 100 ಪಿಕ್ಸೆಲ್. ಈ ಲೆಕ್ಕ ಕೊನೆಯವರೆಗೂ ಕೈಹಿಡಿಯುತ್ತದೆ, ನೆನಪಿರಲಿ.

ಮೊದಲು ಫೋಟೋಶಾಪ್‌ನಲ್ಲಿ ಪೌಚಿನ ಸುತ್ತ ಪೆನ್ ಟೂಲ್‌ನಿಂದ ಗೆರೆ ಎಳೆದು, ಪೌಚಷ್ಟೇ ಉಳಿದು ಹಿನ್ನೆಲೆ ಮರೆಯಾಗುವಂತೆ ಮಾಸ್ಕ್ ಮಾಡುತ್ತೇವೆ. ಇದನ್ನು ತಾನಾಗಿ ಆರಿಸುವ ಟೂಲ್‌ಗೆ ಬಿಡುವುದಿಲ್ಲ, ಏಕೆಂದರೆ ಹೊಳೆಯುವ ಪೌಚಿನ ಅಂಚು ಬಿಳಿ ಹಿನ್ನೆಲೆಯಲ್ಲಿ ಕರಗಿದಂತಿರುತ್ತದೆ; ಟೂಲ್ ಮೇಲಿನ ಸೀಲಿನ ಹಲ್ಲುಗಳನ್ನೇ ತಿಂದುಬಿಡುತ್ತದೆ. ಪೌಚು ಒಂದು ಲೇಯರ್, ಅದಕ್ಕೆ ಬೀಗ. ಹಿನ್ನೆಲೆಯದೆಲ್ಲ ಒಂದು ಗುಂಪಿನಲ್ಲಿ, ಪೌಚಿನ ಕೆಳಗೆ. ಬೆಳಕು, ಬಣ್ಣ ತಿದ್ದುವ ಯಾವ ಲೇಯರೂ ಆ ಗುಂಪಿನ ಒಳಗೇ ಇರಬೇಕು. ಎಲ್ಲಕ್ಕಿಂತ ಮೇಲೆ ಕೂತ ಒಂದು ಛಾಯೆಯ ಲೇಯರ್ ಸಾಕು, ಬೀಗ ಹಾಕಿದ ಪೌಚಿನ ಬಣ್ಣವೂ ಬದಲಾಗುತ್ತದೆ. ಬೀಗ ಇರುವುದು ಆ ಲೇಯರಿಗೆ, ಅದರ ಮೇಲೆ ಬೀಳುವುದನ್ನು ಅದು ತಡೆಯುವುದಿಲ್ಲ.

ಇನ್ನು ಹಿನ್ನೆಲೆ. ಎಲ್ಲಿಂದಲೋ ತಂದ ಮಳೆಯ ಚಿತ್ರದ ಮುಂದೆ ಪೌಚು ಅಂಟಿಸಿದರೆ ತೇಲಿದಂತೆ ಕಾಣುತ್ತದೆ. ಕಾರಣ ಮೂರು: ಕ್ಯಾಮೆರಾದ ಎತ್ತರ ಹೊಂದುವುದಿಲ್ಲ, ಬೆಳಕಿನ ದಿಕ್ಕು ಹೊಂದುವುದಿಲ್ಲ, ಮೇಜಿನ ಮೇಲೆ ನೆರಳು ಇರುವುದಿಲ್ಲ. ನಾವು ಮಾಡುವುದು ಹೀಗೆ. ಅಳತೆಯಲ್ಲಿ ಅದೇ ಆದ ಒಂದು ಪೌಚಿಗೆ ಹೊಳಪಿಲ್ಲದ ಬೂದು ಕಾಗದ ಸುತ್ತಿ ಮರದ ಮೇಜಿನ ಮೇಲೆ ನಿಲ್ಲಿಸುತ್ತೇವೆ. ಮೂಲ ಚಿತ್ರ ತೆಗೆದಾಗಿನ ಲೆನ್ಸ್, ದೂರ, ಎತ್ತರ ಹಾಗೇ ಇಟ್ಟು, ಎಡಗಡೆ ಕಿಟಕಿಯ ಬೆಳಕಿನಲ್ಲಿ ತೆಗೆಯುತ್ತೇವೆ. ಕಿಟಕಿಯ ಆಚೆ ಧಾರವಾಡದ ಜಿಟಿಜಿಟಿ ಮಳೆ, ತೊಯ್ದ ಗೋಡೆ, ಹಸಿರು. ಲ್ಯಾಪ್‌ಟಾಪ್ ಪರದೆಯಲ್ಲಿ ಮೂಲ ಚಿತ್ರವನ್ನು ಅರೆಪಾರದರ್ಶಕವಾಗಿ ಮೇಲಿಟ್ಟು, ಬೂದು ಪೌಚು ಅದರ ಅಡಿಯಲ್ಲಿ ಸರಿಯಾಗಿ ಕೂರುವಂತೆ ಜರುಗಿಸುತ್ತೇವೆ. ಆಮೇಲೆ ಆ ಬೂದು ಪೌಚಿನ ಮೇಲೆ ಮೂಲ ಪೌಚಿನ ಲೇಯರ್ ಇಟ್ಟರೆ, ಮೇಜಿನ ಮೇಲೆ ಬಿದ್ದಿರುವ ನೆರಳು ನಿಜವಾದ ನೆರಳು. ಬರೆದದ್ದಲ್ಲ. ಬೂದು ಪೌಚು ಎಲ್ಲಾದರೂ ಕೂದಲೆಳೆಯಷ್ಟು ಹೊರಗೆ ಇಣುಕಿದರೆ ಅದನ್ನು ಹಿನ್ನೆಲೆಯಲ್ಲೇ ಅಳಿಸುತ್ತೇವೆ, ಪೌಚನ್ನು ಹಿಗ್ಗಿಸುವುದಿಲ್ಲ.

ಲೆನ್ಸ್ ಮತ್ತು ಎತ್ತರದ ಟಿಪ್ಪಣಿ ಇಲ್ಲದಿದ್ದರೆ? ಮೂಲ ಚಿತ್ರವನ್ನೇ ನೋಡಿ ಅಂದಾಜಿಸಬಹುದು. ಪೌಚಿನ ತಳದ ಬಾಗು ಎಷ್ಟು ಕಾಣುತ್ತದೆ ಎಂಬುದರಿಂದ ಕ್ಯಾಮೆರಾ ಎಷ್ಟು ಮೇಲಿತ್ತು ಎಂದು ತಿಳಿಯುತ್ತದೆ. ತಳ ಹೆಚ್ಚೂಕಡಿಮೆ ನೇರ ಗೆರೆಯಂತಿದ್ದರೆ ಕ್ಯಾಮೆರಾ ಮೇಜಿನ ಮಟ್ಟಕ್ಕೆ ಹತ್ತಿರ. ಬಟ್ಟಲಿನಂತೆ ಬಾಗಿದ್ದರೆ ಮೇಲಿನಿಂದ ನೋಡಿದ್ದು.

ಪೌಚಿನ ಮೇಲೆ ನಾಕು ಮಳೆಹನಿ ಇದ್ದರೆ ಚೆಂದ ಅಲ್ರಿ?

ತಂಪು ಪಾನೀಯದ ಬಾಟಲಿಯಾಗಿದ್ದರೆ ಚೆಂದ. ಖಾರಪುಡಿಗೆ ನೀರೇ ವೈರಿ. ತೇವ ತಾಗಿದ ಪುಡಿ ಗಂಟು ಕಟ್ಟುತ್ತದೆ, ಬೂಷ್ಟು ಹಿಡಿಯುತ್ತದೆ. ಮಳೆಗಾಲದಲ್ಲಿ ಮನೆಯಲ್ಲಿ ಅಮ್ಮಂದಿರು ಡಬ್ಬಕ್ಕೆ ಒದ್ದೆ ಚಮಚ ಹಾಕಿದವರನ್ನು ಬೈಯುವುದು ಅದಕ್ಕೇ. ಹನಿ ಬಿದ್ದ ಪೌಚಿನ ಚಿತ್ರ ನೋಡಿದವರ ಮನಸ್ಸಿಗೆ ಮೊದಲು ಬರುವುದು ಮಾಲು ತೊಯ್ದಿದೆ ಎಂಬ ಮಾತು.

ಇನ್ನೊಂದು ತೊಂದರೆ ಇದೆ. ಪ್ರತಿ ಹನಿಯೂ ತನ್ನ ಹಿಂದಿನ ಅಕ್ಷರವನ್ನು ಸೊಟ್ಟ ಮಾಡುತ್ತದೆ. ಒತ್ತಕ್ಷರದ ಮೇಲೆ ಒಂದು ಹನಿ ಕೂತರೆ ಪದವೇ ಬೇರೆ. ಮಳೆ ಕಿಟಕಿಯ ಆಚೆ ಇರಲಿ, ಗಾಜಿನ ಮೇಲೆ ಹನಿ ಇರಲಿ, ಪೌಚು ಒಣಗಿದ ಮೇಜಿನ ಮೇಲೆ ನಿಂತಿರಲಿ. ಹೊರಗೆ ಮಳೆ, ಒಳಗೆ ಒಣ: ಖಾರಪುಡಿ ಮಾರುವವನಿಗೆ ಬೇಕಾದ ಮಾತೂ ಅದೇ.

ಒದ್ದೆ ಮೇಜು, ಅದರಲ್ಲಿ ಪೌಚಿನ ಪ್ರತಿಬಿಂಬ ಎಂಬ ಬೇಡಿಕೆಯೂ ಬರುತ್ತದೆ. ಪೌಚಿನ ನಕಲನ್ನು ತಲೆಕೆಳಗು ಮಾಡಿ ಅಡಿಯಲ್ಲಿ ಇಡುವುದು ಸುಲಭ. ಆದರೆ ನಿಲ್ಲುವ ಪೌಚಿನ ತಳ ನೇರವಲ್ಲ, ಬಾಗಿದೆ; ತಲೆಕೆಳಗಾದ ನಕಲು ನಡುವಿನಲ್ಲಿ ತಾಗಿ ಎರಡೂ ಮೂಲೆಯಲ್ಲಿ ಬಿಟ್ಟುಕೊಳ್ಳುತ್ತದೆ. ಅದನ್ನು ಬಗ್ಗಿಸಿ ಕೂರಿಸುವ ಶ್ರಮಕ್ಕಿಂತ ಹೊಳಪಿಲ್ಲದ ಮರ ಅಥವಾ ಶಹಾಬಾದ್ ಕಲ್ಲಿನ ಒಣ ಮೇಜು ವಾಸಿ.

ಮಳೆಯ ಬೆಳಕು ನೀಲಿ, ಪೌಚಿನ ಬೆಳಕು ಬಿಳಿ. ಹೊಂದುವುದು ಹೇಗೆ?

ಮೋಡದ ಬೆಳಕು ನೀಲಿಯ ಕಡೆ ವಾಲುತ್ತದೆ, ನಿಜ. ಆದರೆ ಹಿನ್ನೆಲೆಯ ಗುಂಪನ್ನು ಮಾತ್ರ ಬಿಳಿಯ ಕಡೆ ತಿರುಗಿಸಬಹುದು. ದೂರದ ಗೋಡೆ, ಗಿಡಗಳಲ್ಲಿ ಸ್ವಲ್ಪ ಬೂದು-ಹಸಿರು ಉಳಿದರೆ ಸಾಕು, ಕಣ್ಣು ಅದನ್ನು ಮಳೆ ಎಂದು ಓದಿಕೊಳ್ಳುತ್ತದೆ. ಪೌಚಿನ ಹತ್ತಿರದ ಮೇಜು ಮಾತ್ರ ಬಿಳಿ ಬೆಳಕಿನಲ್ಲೇ ಇರಬೇಕು. ಮೇಜಿನ ಬಣ್ಣ ಮತ್ತು ಪೌಚಿನ ಬಣ್ಣ ಒಂದೇ ಬೆಳಕಿನವು ಅನ್ನಿಸಿದರೆ ಉಳಿದದ್ದನ್ನು ನೋಡುವವರು ಕ್ಷಮಿಸುತ್ತಾರೆ.

ದಸರೆ, ದೀಪಾವಳಿಗೆ ದೀಪದ ಬೆಳಕು ಬೇಡವೇ?

ಎಣ್ಣೆ ದೀಪದ ಬೆಳಕು ಅತಿ ಕಿತ್ತಳೆ. ಅದರ ಪಕ್ಕದಲ್ಲಿ ಹಗಲು ಬೆಳಕಿನಲ್ಲಿ ತೆಗೆದ ಪೌಚು ಇಟ್ಟರೆ ಕತ್ತರಿಸಿ ಅಂಟಿಸಿದ್ದು ಎಂದು ಮಕ್ಕಳಿಗೂ ತಿಳಿಯುತ್ತದೆ. ಹೊಂದಿಸಲು ಹೋದರೆ ಪೌಚನ್ನು ಕಿತ್ತಳೆ ಮಾಡಬೇಕು, ಅದನ್ನು ಮಾಡುವ ಹಾಗಿಲ್ಲ.

ದಾರಿ ಇರುವುದು ಹಬ್ಬದ ಹೊತ್ತನ್ನು ಬದಲಿಸುವುದರಲ್ಲಿ. ದಸರೆ ಎಂದರೆ ಬರೀ ರಾತ್ರಿಯ ದೀಪವಲ್ಲ. ಆಯುಧಪೂಜೆಯ ಮುಂಜಾನೆ ಇದೆ: ತೊಳೆದ ಅಂಗಳ, ಮಾವಿನ ತೋರಣ, ಚೆಂಡುಹೂವಿನ ಮಾಲೆ, ಹಗಲ ಬೆಳಕು. ದೀಪಾವಳಿಗೂ ಹಾಗೇ, ಬಾಗಿಲಿಗೆ ಕಬ್ಬು ಬಾಳೆ ಕಟ್ಟಿದ ಪಾಡ್ಯದ ಬೆಳಗು. ಪಂಚಮಿಗೆ ಜೋಕಾಲಿ, ಉಂಡಿಯ ತಟ್ಟೆ, ಹಿಂದೆ ಮಬ್ಬು ಆಕಾಶ. ಪೌಚಿಗೆ ಬಿದ್ದ ಬೆಳಕು ಹಗಲಿನದಾದರೆ ಹಬ್ಬದ ಹಗಲನ್ನೇ ಆರಿಸಿಕೊಳ್ಳಿ. ರಾತ್ರಿಯ ಚಿತ್ರವೇ ಬೇಕು ಎಂದು ಹಟ ಇದ್ದರೆ, ಮೂಲ ಚಿತ್ರ ತೆಗೆಯುವ ದಿನವೇ ಗಾಢ ಹಿನ್ನೆಲೆಯ ಇನ್ನೊಂದು ಚಿತ್ರ ತೆಗೆಸಿ ಅದಕ್ಕೂ ಒಪ್ಪಿಗೆ ಪಡೆಯುವುದು ಸರಿಯಾದ ಕ್ರಮ. ಬಿಳಿಯದರಿಂದ ಅದನ್ನು ಹುಟ್ಟಿಸಲು ಆಗದು.

ಇದಕ್ಕೆ ಬೆಳಕಿನ ಬಣ್ಣವೊಂದೇ ಕಾರಣವಲ್ಲ. ಬಿಳಿ ಹಿನ್ನೆಲೆಯಲ್ಲಿ ತೆಗೆದ ಹೊಳಪು ಪೌಚಿನ ಎರಡೂ ಬದಿಯ ಅಂಚಿನಲ್ಲಿ ಆ ಬಿಳಿಯೇ ಪ್ರತಿಫಲಿಸಿರುತ್ತದೆ. ಕಪ್ಪು ಹಿನ್ನೆಲೆಗೆ ಇಟ್ಟೊಡನೆ ಅದು ಬಿಳಿ ಗೆರೆಯಾಗಿ ಎದ್ದು ಕಾಣುತ್ತದೆ. ಮಾಸ್ಕನ್ನು ಒಂದು ಪಿಕ್ಸೆಲ್ ಒಳಗೆ ಸರಿಸಿ ಅರ್ಧ ಪಿಕ್ಸೆಲ್ ಮೆತ್ತಗೆ ಮಾಡಿದರೆ ಹೊರಗಿನ ಅಂಟು ಬಿಳಿ ಹೋಗುತ್ತದೆ. ಪ್ರತಿಫಲನ ಹೋಗುವುದಿಲ್ಲ, ಅದು ಪೌಚಿನ ಮೇಲಿನದು, ಅದನ್ನು ಒರೆಸುವುದೆಂದರೆ ಪೌಚನ್ನೇ ತಿದ್ದುವುದು. ಪೌಚಿನ ಹಿಂದೆ ತಿಳಿಬಣ್ಣದ ಗೋಡೆ ಬರುವಂತೆ ದೃಶ್ಯ ಕಟ್ಟಿದರೆ ಆ ಅಂಚು ಸಹಜವಾಗಿ ಕಾಣುತ್ತದೆ.

ಅಲಂಕಾರದ ಸಾಮಾನು ಎಲ್ಲಿ, ಎಷ್ಟು ದೊಡ್ಡದಾಗಿ ಇಡಬೇಕು?

ಆಗ ಹೇಳಿದ ಲೆಕ್ಕ ಇಲ್ಲಿ ಬೇಕು. ಒಂದು ಚೆಂಡುಹೂವು ಸುಮಾರು 6 ಸೆಂಟಿಮೀಟರ್, ಅಂದರೆ ಪೌಚಿನ ಪಕ್ಕದಲ್ಲಿ 600 ಪಿಕ್ಸೆಲ್. ಹೂವನ್ನು ಬೇರೆಯಾಗಿ ತೆಗೆದು ಸೇರಿಸುವಾಗ ಚೆಂದಕ್ಕೆ 1000 ಪಿಕ್ಸೆಲ್ ಮಾಡಿದರೆ ಅರ್ಧ ಕಿಲೋ ಪಾಕೀಟು ನೂರು ಗ್ರಾಮಿನದಂತೆ ಕಾಣುತ್ತದೆ. 300 ಮಾಡಿದರೆ ನಾಲ್ಕು ಕಿಲೋದ್ದು. ಪೌಚನ್ನು ಮುಟ್ಟದೆಯೂ ಪೌಚಿನ ಗಾತ್ರ ಬದಲಿಸಿದ ಹಾಗಾಯಿತು. ನಮ್ಮಲ್ಲಿ ಅನುಮಾನ ಬಂದರೆ ಬೂದು ಪೌಚಿನ ಪಕ್ಕ ನಿಜವಾದ ಹೂವನ್ನೇ ಇಟ್ಟು ತೆಗೆಯುತ್ತೇವೆ, ಲೆಕ್ಕವೇ ಬೇಡ.

ಬಣ್ಣದ್ದೂ ಇಂಥದೇ ಆಟ. ಕಿಟಕಿಯ ಕೆಂಪು ಪುಡಿಯ ಪಕ್ಕಕ್ಕೇ ಕಿತ್ತಳೆ ಚೆಂಡುಹೂವು ಒತ್ತರಿಸಿ ಇಟ್ಟರೆ ಪುಡಿ ಮಂಕಾಗಿ ಕಾಣುತ್ತದೆ. ಹಸಿರು ಎಲೆ ಇಟ್ಟರೆ ಇನ್ನೂ ಕೆಂಪಾಗಿ ಕಾಣುತ್ತದೆ. ಪಿಕ್ಸೆಲ್ ಎರಡರಲ್ಲೂ ಒಂದೇ, ಮೋಸಹೋಗುವುದು ಕಣ್ಣು. ಪೌಚಿನ ಸುತ್ತ ಮೂರು ನಾಲ್ಕು ಸೆಂಟಿಮೀಟರಿನಷ್ಟು ಜಾಗವನ್ನು ತಿಳಿ ಬೂದು, ಮರ, ಸುಣ್ಣದ ಗೋಡೆಯಂಥ ಸಪ್ಪೆ ಬಣ್ಣಕ್ಕೆ ಬಿಡಿ. ಹೂವಿನ ರಾಶಿ ಅದರಾಚೆ.

ಪೌಚಿನ ಮುಂದೆ ಏನನ್ನೂ ಇಡದಿರುವುದು ಉತ್ತಮ. ತೋರಣದ ಎಲೆಯೊಂದು ಮೇಲಿನ ಸೀಲನ್ನು ಮುಚ್ಚಿದರೂ, ಆ ಸೀಲು ಮುಚ್ಚಬಹುದೇ ಎಂದು ಒಪ್ಪಿಗೆ ಕೊಟ್ಟವರನ್ನು ಕೇಳಬೇಕಾಗುತ್ತದೆ. ಪೌಚಿಗೆ ಕುಂಕುಮ ಹಚ್ಚುವುದು, ಹೂಮಾಲೆ ಹಾಕುವುದು ಆಯುಧಪೂಜೆಗೆ ಸಹಜ ಅನ್ನಿಸಬಹುದು. ಗಿರಣಿಗೆ ಹಚ್ಚಿ, ಪೌಚಿಗೆ ಬೇಡ. ‘ಹಬ್ಬದ ಕೊಡುಗೆ’ ಎಂಬ ಚೀಟಿಯೂ ಪೌಚಿನ ಅಂಚಿನ ಹೊರಗೆ ಇರಲಿ. ಮೇಲೆ ಕೂತರೆ ಅದು ಪಾಕೀಟಿನ ಮೇಲೆಯೇ ಮುದ್ರಿಸಿದ್ದು ಎಂದು ಗ್ರಾಹಕ ತಿಳಿಯುತ್ತಾನೆ.

ಪಕ್ಕದಲ್ಲಿ ಮೆಣಸಿನಕಾಯಿ, ತಿಂಡಿ ಇಡಬಹುದೇ?

ಇಡಬಹುದು, ಆದರೆ ಅವೂ ಉತ್ಪನ್ನದ ಬಗ್ಗೆ ಮಾತಾಡುತ್ತವೆ. ಬ್ಯಾಡಗಿಯಲ್ಲಿ ಎರಡು ಬಗೆ. ಕಡ್ಡಿ ಉದ್ದ, ತೆಳು, ಮೈತುಂಬ ಸುಕ್ಕು. ಡಬ್ಬಿ ಗಿಡ್ಡ, ದುಂಡು, ಅದಕ್ಕೂ ಸುಕ್ಕು. ಸಿದ್ಧ ಫೋಟೋ ಮಾರುವ ವೆಬ್‌ಸೈಟುಗಳ ಚಿತ್ರದಲ್ಲಿರುವ ಒಣಮೆಣಸಿನಕಾಯಿ ಸಾಮಾನ್ಯವಾಗಿ ನುಣುಪು ಮೈಯ ಬೇರೆ ತಳಿ. ಅದನ್ನು ಬ್ಯಾಡಗಿ ಪುಡಿಯ ಪಕ್ಕ ಇಟ್ಟರೆ ಮಾರುಕಟ್ಟೆಯವರು ನಗುತ್ತಾರೆ, ಪುಡಿಯಲ್ಲಿ ಕಲಬೆರಕೆ ಇದೆಯೇ ಎಂಬ ಅನುಮಾನವೂ ಹುಟ್ಟುತ್ತದೆ. ಪುಡಿ ಯಾವುದರಿಂದ ಮಾಡಿದ್ದೋ ಅದೇ ಕಾಯಿಯನ್ನು ತಂದುಕೊಡಿ.

ಮಳೆ ಎಂದರೆ ಗಿರ್ಮಿಟ್ಟು ಮಿರ್ಚಿ ಎಂದು ಎಲ್ಲರೂ ಹೇಳುತ್ತಾರೆ. ಮಿರ್ಚಿ ಭಜಿ ಮಾಡುವುದು ಹಸಿಮೆಣಸಿನಕಾಯಿಯಲ್ಲಿ. ಅದನ್ನು ಖಾರಪುಡಿಯ ಪಕ್ಕ ಮುಖ್ಯವಾಗಿ ತೋರಿಸಿದರೆ ನಂಟು ಕೂಡಿಬರುವುದಿಲ್ಲ. ಹಿಂದೆ ಮಸುಕಾಗಿ ಕಂಡರೆ ಅಡ್ಡಿಯಿಲ್ಲ. ನನ್ನ ಆಯ್ಕೆ ಎಣ್ಣೆ, ಖಾರಪುಡಿ ಹಚ್ಚಿದ ಅವಲಕ್ಕಿ, ಪಕ್ಕದಲ್ಲಿ ಚಹಾ.

ಎಐ ಟೂಲ್‌ಗೆ ಚಿತ್ರ ಕೊಟ್ಟು ‘ಹಿನ್ನೆಲೆ ಮಳೆ ಮಾಡು’ ಅಂದರೆ ಮುಗಿಯಿತಲ್ಲ?

ಹಿನ್ನೆಲೆ ಬರುತ್ತದೆ, ಪೌಚು ಉಳಿಯುವ ಭರವಸೆ ಇಲ್ಲ. ಇಂಥ ಬಹುತೇಕ ಟೂಲ್‌ಗಳು ಇಡೀ ಚಿತ್ರವನ್ನು ಮೊದಲು ಒಂದು ಸಂಕ್ಷಿಪ್ತ ರೂಪಕ್ಕೆ ಇಳಿಸಿ, ಅದರಲ್ಲಿ ಕೆಲಸ ಮಾಡಿ, ಮತ್ತೆ ಚಿತ್ರವಾಗಿ ಬಿಡಿಸುತ್ತವೆ. ಇಳಿಸಿ ಬಿಡಿಸುವಾಗ ಸಣ್ಣ ವಿವರ ಕಳೆದುಹೋಗುತ್ತದೆ. ಮಾಸ್ಕ್ ಹಾಕಿ ‘ಇದನ್ನು ಮುಟ್ಟಬೇಡ’ ಎಂದು ಗುರುತಿಸಿದ ಭಾಗದಲ್ಲೂ ಪಿಕ್ಸೆಲ್ ತುಸು ಬದಲಾಗಬಹುದು. ಮೊದಲು ಹಾಳಾಗುವುದು ಸಣ್ಣ ಅಕ್ಷರ. ತೂಕದ ಸಾಲು, ಲೈಸೆನ್ಸ್ ಸಂಖ್ಯೆ, ಕನ್ನಡದ ಒತ್ತಕ್ಷರ ದೂರದಿಂದ ಸರಿಯಾಗಿಯೇ ಕಾಣುತ್ತವೆ, ಹಿಗ್ಗಿಸಿ ನೋಡಿದರೆ ಯಾವ ಲಿಪಿಯೂ ಅಲ್ಲ. ಪೌಚಿನ ಅಂಚಿಗೆ ಹೊಂದಿಕೊಂಡು ಇಲ್ಲದ ಮಡಿಕೆಯನ್ನೋ ಇನ್ನೊಂದು ಸೀಲನ್ನೋ ಬೆಳೆಸುವ ಅಭ್ಯಾಸವೂ ಇವಕ್ಕಿದೆ.

ಬಳಸಲೇಬೇಕು ಎಂದಿದ್ದರೆ ಪೌಚು ಇಲ್ಲದ ಖಾಲಿ ಮೇಜು, ಮಳೆಯ ಕಿಟಕಿ ಇಷ್ಟನ್ನು ಮಾತ್ರ ಮಾಡಿಸಿಕೊಳ್ಳಿ. ಬೆಳಕು ಎಡಗಡೆಯಿಂದ ಎಂದು ಹೇಳಿ. ಅದರ ಮೇಲೆ ಮೂಲ ಪೌಚಿನ ಲೇಯರ್ ಇಡಿ. ನೆರಳನ್ನು ಮೂಲ ಚಿತ್ರದ ಬಿಳಿ ಮೇಜಿನಿಂದ ಎತ್ತಿಕೊಂಡು ಮಲ್ಟಿಪ್ಲೈ ವಿಧಾನದಲ್ಲಿ ಕೂರಿಸಬಹುದು. ಬಿಳಿ ಮಾಯವಾಗಿ ನೆರಳಷ್ಟೇ ಉಳಿಯುತ್ತದೆ. ಗಾಢ ಮೇಜಿನ ಮೇಲೆ ಈ ನೆರಳು ಕಾಣುವುದೇ ಇಲ್ಲ, ಹಾಗಾಗಿ ತಿಳಿಬಣ್ಣದ ಮೇಜನ್ನೇ ಕೇಳಿ.

ಉತ್ಪನ್ನ ಬದಲಾಗಿಲ್ಲ ಎಂದು ನಮಗೆ ಹೇಗೆ ಗೊತ್ತಾಗಬೇಕು?

ಕಣ್ಣಿನಿಂದ ನೋಡಿ ಒಪ್ಪಬೇಡಿ, ಕಳೆದು ನೋಡಿ. ಫೋಟೋಶಾಪ್‌ನಲ್ಲಾಗಲಿ ಗಿಂಪ್‌ನಲ್ಲಾಗಲಿ ಮೂಲ ಚಿತ್ರವನ್ನು ಹೊಸ ಚಿತ್ರದ ಮೇಲಿಟ್ಟು ಡಿಫರೆನ್ಸ್ ವಿಧಾನ ಹಾಕಿ. ಒಂದೇ ಇರುವ ಜಾಗ ಅಚ್ಚ ಕಪ್ಪಾಗುತ್ತದೆ. ಹಿನ್ನೆಲೆಯಲ್ಲೆಲ್ಲ ಬಣ್ಣಬಣ್ಣದ ಗೊಂದಲ, ನಡುವೆ ಪೌಚಿನ ಆಕಾರದ ಕಪ್ಪು ತೂತು, ಹೀಗೆ ಕಾಣಬೇಕು. ಸಣ್ಣ ವ್ಯತ್ಯಾಸ ಕಪ್ಪಿನಲ್ಲಿ ಅಡಗುತ್ತದೆ, ಆದ್ದರಿಂದ ಫೋಟೋಶಾಪ್‌ನಲ್ಲಾದರೆ ಮೇಲೊಂದು ಲೆವೆಲ್ಸ್ ಲೇಯರ್ ಹಾಕಿ, ಗಿಂಪ್‌ನಲ್ಲಾದರೆ ಕಾಣುವುದನ್ನೆಲ್ಲ ಒಂದು ಹೊಸ ಲೇಯರಾಗಿ ಕೂಡಿಸಿ ಅದಕ್ಕೆ ಲೆವೆಲ್ಸ್ ಕೊಟ್ಟು, ಬಿಳಿಯ ಗುಂಡಿಯನ್ನು ಎಡಕ್ಕೆ ಪೂರಾ ಎಳೆಯಿರಿ. ಕಪ್ಪು ಕಪ್ಪಾಗಿಯೇ ಉಳಿದರೆ ಸರಿ. ಅಕ್ಷರಗಳ ಆಕಾರ ಮಬ್ಬಾಗಿ ಮೂಡಿದರೆ ಪೌಚು ಒಂದು ಪಿಕ್ಸೆಲ್‌ನಷ್ಟು ಜರುಗಿದೆ ಅಥವಾ ಹಿಗ್ಗಿದೆ ಎಂದರ್ಥ. ಪೌಚಿನ ಜಾಗವೆಲ್ಲ ಸಮನಾಗಿ ಬೆಳಗಿದರೆ ಯಾವುದೋ ಛಾಯೆಯ ಲೇಯರ್ ಮೇಲೆ ಉಳಿದಿದೆ.

ಚಿತ್ರಗಳು ಹೆಚ್ಚಿದ್ದರೆ, ಆಜ್ಞೆ ಬರೆದು ನಡೆಸುವ ಇಮೇಜ್‌ಮ್ಯಾಜಿಕ್ 7 ಎಂಬ ತಂತ್ರಾಂಶದಲ್ಲಿ ಲೆಕ್ಕ ಹಾಕಿಸುತ್ತೇವೆ. ಮೂಲವನ್ನೂ ಹೊಸದನ್ನೂ ಒಂದೇ ತಂತ್ರಾಂಶದಿಂದ, ಒಂದೇ ಪ್ರೊಫೈಲ್‌ನಲ್ಲಿ, 8-ಬಿಟ್ ಪಿಎನ್‌ಜಿಯಾಗಿ ಹೊರತೆಗೆದು, ಪೌಚಿನ ಒಳಗೆ ಬೀಳುವ ಒಂದು ಚೌಕವನ್ನು ಎರಡರಿಂದಲೂ ಕತ್ತರಿಸಿ ಹೋಲಿಸುವುದು:

```
magick master.png -crop 1500x2300+1250+1750 +repage a.png
magick rain.png -crop 1500x2300+1250+1750 +repage b.png
magick compare -metric AE a.png b.png diff.png
```

ಬೇರೆಯಾದ ಪಿಕ್ಸೆಲ್ ಎಷ್ಟು ಎಂದು ಕೊನೆಯ ಆಜ್ಞೆ ಹೇಳುತ್ತದೆ. 0 ಬರಬೇಕು. ಚೌಕದ ಹೊರಗಿನ ಅಂಚು, ಸೀಲಿನ ಹಲ್ಲು ಈ ಲೆಕ್ಕಕ್ಕೆ ಬರುವುದಿಲ್ಲ. ಅವನ್ನು 200 ಪ್ರತಿಶತ ಹಿಗ್ಗಿಸಿ ಸುತ್ತ ಒಂದು ಸಲ ಕಣ್ಣಾಡಿಸಲೇಬೇಕು.

ಪಕ್ಕಪಕ್ಕದ ಬಣ್ಣದಿಂದ ಕಣ್ಣು ಮೋಸಹೋಗುವ ತೊಂದರೆಗೆ ಮಾತ್ರ ಈ ಲೆಕ್ಕ ಉಪಯೋಗಕ್ಕೆ ಬಾರದು. ಅದಕ್ಕೆ ಎರಡೂ ಚಿತ್ರವನ್ನು ಫೋನಿನ ಅಳತೆಯಲ್ಲಿ ಅಕ್ಕಪಕ್ಕ ಇಟ್ಟು, ಪುಡಿ ಮಾರುವವರಿಗೇ ತೋರಿಸಬೇಕು. ಬೇರೆ ಮಾಲು ಅನ್ನಿಸುತ್ತಿದೆಯೇ ಎಂದಷ್ಟೇ ಕೇಳಿ.

ಎಲ್ಲ ಸರಿಯಿದ್ದರೂ ಫೋನಿನಲ್ಲಿ ಕೆಂಪು ಬೇರೆ ಕಾಣುತ್ತದೆಯಲ್ಲ?

ಬಹುತೇಕ ಹೊರತೆಗೆಯುವಾಗಿನ ತೊಂದರೆ. ಅಡೋಬಿ ಆರ್‌ಜಿಬಿ ಪ್ರೊಫೈಲ್‌ನ ಫೈಲನ್ನು ಹಾಗೇ ಹಾಕಿ, ಪ್ರೊಫೈಲ್ ಕಳಚಿಹೋದರೆ ಕೆಂಪು ಸಪ್ಪೆಯಾಗುತ್ತದೆ. ವೆಬ್‌ಗೆ ಎಸ್‌ಆರ್‌ಜಿಬಿಗೆ ಪರಿವರ್ತಿಸಿ ಕೊಡಬೇಕು. ಮಳೆಯದು, ದಸರೆಯದು, ಮೂಲದ್ದು, ಎಲ್ಲವೂ ಒಂದೇ ಸೆಟ್ಟಿಂಗ್‌ನಲ್ಲಿ.

ಇನ್ನೊಂದು ಜೆಪೆಗ್‌ನದು, ಕೆಂಪು ಮಾಲಿನವರಿಗೆ ವಿಶೇಷವಾಗಿ ಕಾಡುವಂಥದು. ಫೈಲ್ ಚಿಕ್ಕದಾಗಲಿ ಎಂದು ಜೆಪೆಗ್ ಹೊಳಪಿನ ವಿವರ ಉಳಿಸಿಕೊಂಡು ಬಣ್ಣದ ವಿವರವನ್ನು ಕಾಲುಭಾಗಕ್ಕೆ ಇಳಿಸುತ್ತದೆ. ಕಪ್ಪು ಬಿಳುಪಿನಲ್ಲಿ ಇದು ಕಾಣದು. ಕೆಂಪಿನ ಮೇಲಿನ ಸಣ್ಣ ಅಕ್ಷರದ ಅಂಚು ಮಾತ್ರ ಕಲೆಸಿದಂತಾಗುತ್ತದೆ. ಗಿಂಪ್‌ನಲ್ಲಿ ಹೊರತೆಗೆಯುವಾಗ ಬಣ್ಣದ ವಿವರ ಇಳಿಸದ `4:4:4` ಎಂಬ ಆಯ್ಕೆ ಇದೆ. ಇಮೇಜ್‌ಮ್ಯಾಜಿಕ್‌ನಲ್ಲಿ:

```
magick rain.png -sampling-factor 4:4:4 -quality 90 rain.jpg
```

ಜೆಪೆಗ್ ಆದ ಮೇಲೆ ಮೇಲಿನ ಹೋಲಿಕೆ ಮಾಡಿದರೆ 0 ಬರುವುದಿಲ್ಲ, ಗಾಬರಿ ಬೇಡ. ಪರೀಕ್ಷೆ ಪಿಎನ್‌ಜಿಯಲ್ಲಿ, ಕೊಡುವುದು ಜೆಪೆಗ್‌ನಲ್ಲಿ.

ಮುದ್ರಣಕ್ಕಾದರೆ ಮಾತು ಬೇರೆ. ಪರದೆಯ ಗಾಢ ಕೆಂಪೆಲ್ಲ ನಾಲ್ಕು ಬಣ್ಣದ ಶಾಯಿಯಲ್ಲಿ ಬರುವುದಿಲ್ಲ. ಗದಗಿನ ಪ್ರೆಸ್ಸಿನವರ ಹತ್ತಿರ ಪ್ರೊಫೈಲ್ ಕೇಳಿ, ಎಲ್ಲ ರೂಪಗಳನ್ನೂ ಅದೇ ಪ್ರೊಫೈಲ್‌ಗೆ ಪರಿವರ್ತಿಸಿ, ಒಂದು ಪ್ರೂಫ್ ತೆಗೆಸಿ ಮೂಲ ಪೌಚಿನ ಪಕ್ಕ ಹಗಲು ಬೆಳಕಿನಲ್ಲಿ ನೋಡಿ.

ಅಡ್ಡ ಬ್ಯಾನರ್ ಬೇಕಾದರೆ ಚಿತ್ರ ಎಳೆಯಬಹುದೇ? ಬೆಳಕು ಹೊಂದದಿದ್ದರೆ ತಿರುಗಿಸಬಹುದೇ?

ಎಳೆಯಬಾರದು, ಹಿನ್ನೆಲೆಯನ್ನು ಅಗಲ ಮಾಡಬೇಕು. ಪೌಚನ್ನು ಉದ್ದಗಲ ಎರಡೂ ಸಮನಾಗಿ ಚಿಕ್ಕದು ಮಾಡಬಹುದು, ದೊಡ್ಡದು ಮಾಡಬಾರದು. ಎಡದ ಬೆಳಕನ್ನು ಬಲಕ್ಕೆ ತರಲು ಪೌಚನ್ನು ಕನ್ನಡಿಯಂತೆ ತಿರುಗಿಸಿದರೆ ಅಕ್ಷರ ಉಲ್ಟಾ ಆಗುತ್ತದೆ. ತಿರುಗಿಸಬೇಕಾದದ್ದು ಹಿನ್ನೆಲೆಯನ್ನು. ಅದರಲ್ಲಿ ಅಂಗಡಿಯ ಬೋರ್ಡು, ಕ್ಯಾಲೆಂಡರು ಇಲ್ಲ ಎಂದು ನೋಡಿಕೊಂಡು ತಿರುಗಿಸಿ.

ಅಮೆಜಾನ್‌ನಲ್ಲಿ ಈ ಹಬ್ಬದ ಚಿತ್ರ ಹಾಕಬಹುದೇ?

ಮೊದಲ ಚಿತ್ರವಾಗಿ ಇಲ್ಲ. ಅಲ್ಲಿ ಮುಖ್ಯ ಚಿತ್ರದ ಹಿನ್ನೆಲೆ ಅಚ್ಚ ಬಿಳಿ ಇರಬೇಕು, ಉತ್ಪನ್ನ ಚೌಕಟ್ಟಿನ 85 ಪ್ರತಿಶತ ತುಂಬಬೇಕು ಎಂಬ ನಿಯಮ ಇದೆ. ಮೂಲ ಚಿತ್ರ ಅಲ್ಲಿಗೆ, ಋತುಮಾನದವು ಎರಡನೆಯ ಮೂರನೆಯ ಜಾಗಕ್ಕೆ.

ವರ್ಷದ ನಡುವೆ ಲೇಬಲ್ ಬದಲಾದರೆ ಎಲ್ಲ ಚಿತ್ರ ಮೊದಲಿಂದ ಮಾಡಬೇಕೇ?

ಪೌಚಿನ ಲೇಯರನ್ನು ಲಿಂಕ್ ಮಾಡಿದ ಸ್ಮಾರ್ಟ್ ಆಬ್ಜೆಕ್ಟ್ ಆಗಿ, ಅಂದರೆ ಹೊರಗಿನ ಒಂದೇ ಫೈಲಿಗೆ ಜೋಡಿಸಿ, ಇಟ್ಟಿದ್ದರೆ ಬೇಡ. ಹೊಸದಾಗಿ ಒಪ್ಪಿಗೆಯಾದ ಪೌಚಿನ ಫೈಲನ್ನು ಹಳೆಯದರ ಜಾಗದಲ್ಲಿ ಇಟ್ಟರೆ ಮಳೆ, ಪಂಚಮಿ, ದಸರೆ ಎಲ್ಲದರಲ್ಲೂ ಅದೇ ಕೂರುತ್ತದೆ. ಷರತ್ತು ಒಂದು: ಹೊಸ ಚಿತ್ರವನ್ನು ಅದೇ ಕ್ಯಾಮೆರಾ ಎತ್ತರ, ಅದೇ ಎಡದ ಬೆಳಕು, ಅದೇ ಅಳತೆಯಲ್ಲಿ ತೆಗೆದಿರಬೇಕು. ಪೌಚಿನ ಅಗಲ ಅರ್ಧ ಸೆಂಟಿಮೀಟರ್ ಹೆಚ್ಚಾದರೂ ಹಳೆಯ ನೆರಳು ಅದರಡಿಯಲ್ಲಿ ಮುಚ್ಚಿಹೋಗುತ್ತದೆ. ಆಗ ಬೂದು ಕಾಗದ ಸುತ್ತಿದ ಪೌಚನ್ನು ಮತ್ತೆ ಮೇಜಿಗೆ ತರಬೇಕು. ಕೆಲಸ ಮುಗಿದಾಗ ಲೇಯರ್ ಇರುವ ಫೈಲುಗಳನ್ನೂ ನಮ್ಮಿಂದ ಕೇಳಿ ಪಡೆಯಿರಿ. ಬರೀ ಜೆಪೆಗ್ ತೆಗೆದುಕೊಂಡು ಹೋದವರಿಗೆ ಈ ಸೌಲಭ್ಯ ಇಲ್ಲ.